ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿಯಾಗಿದೆ ಎಂದರ್ಥವೇ?

ಕಂಪ್ಯೂಟರ್‌ನಲ್ಲಿ ಟೈಪ್ ಮಾಡುವಾಗ, ಇಂಟರ್‌ನೆಟ್ ನೋಡುವಾಗ ಇಡೀ ದಿನ ಯಾವ ತೊಂದರೆಯೂ ಇಲ್ಲ. ಆದರೆ ಗೇಮ್ ಆಡಲು ಅಥವಾ ವಿಡಿಯೊ ಎಡಿಟ್ ಮಾಡಲು ಕೂತ ಹತ್ತೇ ನಿಮಿಷಕ್ಕೆ ಪರದೆ ಕಪ್ಪಾಗಿ, ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಇಂಥ ಸಮಯದಲ್ಲಿ ಅನುಮಾನ ಮೊದಲು ಹೋಗುವುದು ವಿಂಡೋಸ್ ಮೇಲೆ, ಇಲ್ಲವೇ ವೈರಸ್ ಮೇಲೆ. ಫಾರ್ಮ್ಯಾಟ್ ಮಾಡಿಸುತ್ತಾರೆ, ಇದ್ದ ಫೋಟೊಗಳು ಹೋಗುತ್ತವೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ.

ಇನ್ನು ಕೆಲವರು ಎಸ್‌ಎಂಪಿಎಸ್ ಅನ್ನು ಅನುಮಾನಿಸುತ್ತಾರೆ. ಗೋಡೆಯ 230 ವೋಲ್ಟ್ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಕಡಿಮೆ ವೋಲ್ಟೇಜ್‌ಗೆ ಇಳಿಸಿ ಕೊಡುವ ಪೆಟ್ಟಿಗೆ ಅದು. ಅದನ್ನು ಪರೀಕ್ಷಿಸಲು ಎಲ್ಲೆಡೆ ಓಡಾಡುವ ಒಂದು ಸಲಹೆ ಇದೆ: "ದೊಡ್ಡ ಕನೆಕ್ಟರ್‌ನ ಹಸಿರು ವೈರ್‌ಗೆ ಒಂದು ಕಪ್ಪು ವೈರನ್ನು ಪೇಪರ್ ಕ್ಲಿಪ್‌ನಿಂದ ಸೇರಿಸಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಚೆನ್ನಾಗಿದೆ."

ಇದು ಅರ್ಧ ಸತ್ಯ. ಯಾಕೆ ಅರ್ಧ, ಉಳಿದ ಅರ್ಧವನ್ನು ಒಂದು ಮಲ್ಟಿಮೀಟರ್‌ನಿಂದ ತಿಳಿಯುವುದು ಹೇಗೆ ಎಂದು ನೋಡೋಣ.

ಪೇಪರ್ ಕ್ಲಿಪ್ ಏನು ಹೇಳುತ್ತದೆ?

ನಾವು ಕ್ಯಾಬಿನೆಟ್‌ನ ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ಮಾಡುವುದೂ ಇದೇ ಕೆಲಸ. ಹಸಿರು ವೈರನ್ನು ಕಪ್ಪು ವೈರಿಗೆ, ಅಂದರೆ ಗ್ರೌಂಡ್‌ಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ಆನ್ ಆಗುತ್ತದೆ. ಹಾಗಾಗಿ ಕ್ಲಿಪ್ ಪರೀಕ್ಷೆಯಿಂದ ತಿಳಿಯುವುದು ಒಂದೇ ವಿಷಯ: ಪೆಟ್ಟಿಗೆ ಪೂರ್ತಿ ಸತ್ತಿಲ್ಲ.

ಆದರೆ ಆ ಹೊತ್ತಿನಲ್ಲಿ ಅದರ ಮೇಲೆ ಇರುವ ಹೊರೆ ಒಂದು ಫ್ಯಾನ್‌ನದು ಮಾತ್ರ. ಹಳ್ಳಿ ಮನೆಯಲ್ಲಿ ಬಲ್ಬ್ ಚೆನ್ನಾಗಿಯೇ ಉರಿಯುತ್ತಿರುತ್ತದೆ, ಪಂಪ್‌ಸೆಟ್ ಶುರುವಾದ ಕೂಡಲೇ ಮಂಕಾಗುತ್ತದೆ. ಲೈನ್ ದುರ್ಬಲವಾಗಿದೆ ಎಂದು ಗೊತ್ತಾಗುವುದು ಆಗಲೇ. ಎಸ್‌ಎಂಪಿಎಸ್ ಕಥೆಯೂ ಅದೇ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಜೋರಾಗಿ ಕೆಲಸ ಮಾಡುವಾಗ ಅದರ ನಿಜವಾದ ಸ್ಥಿತಿ ಬಯಲಾಗುತ್ತದೆ.

ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನುವುದೂ ಯಾವಾಗಲೂ ಸರಿಯಲ್ಲ. ಈಗಿನ ಕೆಲವು ಮಾದರಿಗಳಲ್ಲಿ ಹೊರೆ ಕಡಿಮೆ ಇದ್ದಾಗ ಫ್ಯಾನ್ ಬೇಕೆಂದೇ ನಿಂತಿರುತ್ತದೆ.

ಹೊರೆ ಬಿದ್ದಾಗಲೇ ರೀಸ್ಟಾರ್ಟ್ ಯಾಕೆ?

ಎಸ್‌ಎಂಪಿಎಸ್ ಮುಖ್ಯವಾಗಿ ಮೂರು ವೋಲ್ಟೇಜ್‌ಗಳನ್ನು ಕೊಡುತ್ತದೆ. ಹಳದಿ ವೈರ್‌ನಲ್ಲಿ 12 ವೋಲ್ಟ್, ಕೆಂಪು ವೈರ್‌ನಲ್ಲಿ 5 ವೋಲ್ಟ್, ಕಿತ್ತಳೆ ವೈರ್‌ನಲ್ಲಿ 3.3 ವೋಲ್ಟ್. ಈಗಿನ ಕಂಪ್ಯೂಟರ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಶಕ್ತಿ ಹೋಗುವುದು ಹೆಚ್ಚಾಗಿ 12 ವೋಲ್ಟ್‌ನಿಂದ. ಆದ್ದರಿಂದ ನಾವು ಕಣ್ಣಿಡಬೇಕಾದದ್ದು ಹಳದಿ ವೈರ್ ಮೇಲೆ.

ಈ ವೋಲ್ಟೇಜ್ ಸ್ಥಿರವಾಗಿರಲು ಒಳಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬೇಕು. ವರ್ಷಗಟ್ಟಲೆ ಬಿಸಿಯಲ್ಲಿದ್ದು ಅವುಗಳೊಳಗಿನ ದ್ರವ ನಿಧಾನವಾಗಿ ಆರುತ್ತದೆ. ಧೂಳು ತುಂಬಿ ಗಾಳಿಯಾಡದಿದ್ದರೆ ಇನ್ನೂ ಬೇಗ. ಹೊರೆ ಇಲ್ಲದಾಗ ದುರ್ಬಲ ಕೆಪಾಸಿಟರ್ ಹೇಗೋ ನಿಭಾಯಿಸುತ್ತದೆ. ಹೊರೆ ಏರಿದಾಗ ವೋಲ್ಟೇಜ್ ಕುಸಿಯುತ್ತದೆ, ಇಲ್ಲವೇ ಅಲುಗಾಡುತ್ತದೆ.

ಕನೆಕ್ಟರ್‌ನಲ್ಲಿ ಒಂದು ಬೂದು ಬಣ್ಣದ ವೈರ್ ಕೂಡ ಇದೆ. "ವೋಲ್ಟೇಜ್‌ಗಳೆಲ್ಲ ಸರಿಯಾಗಿವೆ" ಎಂದು ಎಸ್‌ಎಂಪಿಎಸ್ ಮದರ್‌ಬೋರ್ಡ್‌ಗೆ ಕೊಡುವ ಸಂಕೇತ ಅದರಲ್ಲಿ ಹೋಗುತ್ತದೆ. ಇದಕ್ಕೆ ಪವರ್ ಗುಡ್ ಎಂದು ಹೆಸರು. ವೋಲ್ಟೇಜ್ ತೀರಾ ಕುಸಿದರೆ ಆ ಸಂಕೇತ ನಿಲ್ಲುತ್ತದೆ, ಮದರ್‌ಬೋರ್ಡ್ ಆ ಕ್ಷಣವೇ ರೀಸೆಟ್ ಆಗುತ್ತದೆ. ನೀಲಿ ಪರದೆ ತೋರಿಸಲು, ದೋಷ ಬರೆದಿಡಲು ವಿಂಡೋಸ್‌ಗೆ ಸಮಯವೇ ಸಿಗುವುದಿಲ್ಲ.

ಇದರ ಗುರುತು ವಿಂಡೋಸ್‌ನಲ್ಲಿ ಸಿಗುತ್ತದೆ. ವಿಂಡೋಸ್ ಕೀ ಜೊತೆ R ಒತ್ತಿ, `eventvwr.msc` ಎಂದು ಟೈಪ್ ಮಾಡಿ. Windows Logs ಒಳಗಿನ System ನಲ್ಲಿ ರೀಸ್ಟಾರ್ಟ್ ಆದ ಹೊತ್ತಿಗೆ Kernel-Power, Event ID 41 ಎಂಬ ನಮೂದು ಇದೆಯೇ ನೋಡಿ. ಅದರ Details ನಲ್ಲಿ BugcheckCode ಎಂಬಲ್ಲಿ 0 ಇದ್ದರೆ ನೀಲಿ ಪರದೆಯ ದೋಷ ದಾಖಲಾಗಿಲ್ಲ, ಕಂಪ್ಯೂಟರ್ ಹಠಾತ್ತಾಗಿ ನಿಂತಿದೆ ಎಂದು ತಿಳಿಯಬಹುದು. ಬೇರೆ ಸಂಖ್ಯೆ ಇದ್ದರೆ ಡ್ರೈವರ್, ರ‍್ಯಾಮ್ ಕಡೆ ಮೊದಲು ನೋಡಬೇಕು. ಆದರೆ 41 ಕಂಡ ಮಾತ್ರಕ್ಕೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದಲ್ಲ. ಕರೆಂಟ್ ಹೋದರೂ, ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದರೂ ಅದೇ ನಮೂದು ಬರುತ್ತದೆ.

ಮಲ್ಟಿಮೀಟರ್‌ನಿಂದ ಅಳೆಯುವುದು ಹೇಗೆ?

ಮೊದಲು ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು, ಅದು ಪ್ರಾಣಕ್ಕೇ ಅಪಾಯ. ನಾವು ಅಳೆಯುವುದು ಹೊರಗೆ ಬಂದಿರುವ ವೈರ್‌ಗಳಲ್ಲಿ ಮಾತ್ರ.

ಕಪ್ಪು ಪ್ರೋಬ್ COM ತೂತಿನಲ್ಲಿ, ಕೆಂಪು ಪ್ರೋಬ್ V ಎಂದಿರುವ ತೂತಿನಲ್ಲಿ ಇರಲಿ. 10A ಎಂದಿರುವ ತೂತಿಗೆ ಹಾಕಿದರೆ ಅಳೆಯುವ ಬದಲು ಶಾರ್ಟ್ ಆಗುತ್ತದೆ. ಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ.

ಅಳೆಯಲು ಸುಲಭದ ಜಾಗ ಮೊಲೆಕ್ಸ್ ಕನೆಕ್ಟರ್. ಹಳೆಯ ಹಾರ್ಡ್ ಡಿಸ್ಕ್‌ಗಳಿಗೆ ಹಾಕುತ್ತಿದ್ದ ನಾಲ್ಕು ತೂತಿನ ಬಿಳಿ ಅಥವಾ ಕಪ್ಪು ಪ್ಲಗ್ ಅದು. ಒಂದು ಹಳದಿ, ಎರಡು ಕಪ್ಪು, ಒಂದು ಕೆಂಪು ವೈರ್ ಇರುತ್ತದೆ. ಉಪಯೋಗಿಸದೆ ಬಿಟ್ಟ ಒಂದು ಮೊಲೆಕ್ಸ್ ಸಾಮಾನ್ಯವಾಗಿ ಕ್ಯಾಬಿನೆಟ್‌ನಲ್ಲಿ ನೇತಾಡುತ್ತಿರುತ್ತದೆ. ಕಂಪ್ಯೂಟರ್ ಆಫ್ ಇರುವಾಗಲೇ ಕಪ್ಪು ಪ್ರೋಬನ್ನು ಕಪ್ಪು ವೈರ್‌ನ ತೂತಿಗೆ, ಕೆಂಪು ಪ್ರೋಬನ್ನು ಹಳದಿ ವೈರ್‌ನ ತೂತಿಗೆ ತೂರಿಸಿ, ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ. ಆಮೇಲೆ ಆನ್ ಮಾಡಿ. ಎಲ್ಲ ವೈರ್‌ಗಳೂ ಕಪ್ಪಾಗಿರುವ ಮಾದರಿಯಾದರೆ ಊಹೆಯ ಮೇಲೆ ಚುಚ್ಚಬೇಡಿ, ಕೈಪಿಡಿಯಲ್ಲಿರುವ ಚಿತ್ರ ನೋಡಿ.

ಎಟಿಎಕ್ಸ್ ಮಾನದಂಡ ಇಲ್ಲಿ ಶೇಕಡ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ. ಅಂದರೆ 12 ವೋಲ್ಟ್ ಎನ್ನುವುದು 11.4ರಿಂದ 12.6ರ ಒಳಗಿರಬೇಕು. 5 ವೋಲ್ಟ್ ಆದರೆ 4.75ರಿಂದ 5.25.

ಈಗ ಫೈಲ್‌ಗಳನ್ನು ಸೇವ್ ಮಾಡಿ ಎಲ್ಲ ಪ್ರೋಗ್ರಾಂ ಮುಚ್ಚಿ. ಸುಮ್ಮನಿರುವಾಗಿನ ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಹೊರೆ ಹಾಕಿ. ಪ್ರೊಸೆಸರ್‌ಗೆ Prime95, ಗ್ರಾಫಿಕ್ಸ್ ಕಾರ್ಡ್‌ಗೆ FurMark ಎಂಬ ಪ್ರೋಗ್ರಾಂಗಳಿವೆ. ತೊಂದರೆ ಕೊಡುವ ಗೇಮನ್ನೇ ಹಾಕಿದರೂ ಆಗುತ್ತದೆ. ಕಣ್ಣು ಮೀಟರ್ ಮೇಲಿರಲಿ.

ಒಂದು ಉದಾಹರಣೆ

ಆರು ವರ್ಷ ಹಳೆಯ 450 ವ್ಯಾಟ್ ಎಸ್‌ಎಂಪಿಎಸ್ ಇರುವ ಕಂಪ್ಯೂಟರ್ ಎಂದುಕೊಳ್ಳೋಣ. ಗೇಮ್ ಹಾಕಿದ ಹತ್ತು ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತಿದೆ. ಮೊದಲು ಯುಪಿಎಸ್ ಮತ್ತು ಎಕ್ಸ್‌ಟೆನ್ಶನ್ ಬೋರ್ಡ್ ತೆಗೆದು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಬೇಕು. ಬ್ಯಾಟರಿ ಹೋದ ಯುಪಿಎಸ್ ಕೂಡ ಇದೇ ನಾಟಕ ಆಡುತ್ತದೆ. ಇಲ್ಲಿ ತೊಂದರೆ ಮುಂದುವರಿದಿದೆ. ಪ್ರೊಸೆಸರ್‌ನ ಬಿಸಿ 70 ಡಿಗ್ರಿ ಆಸುಪಾಸಿನಲ್ಲಿದೆ, ಹಾಗಾಗಿ ಬಿಸಿ ಕಾರಣವಲ್ಲ.

ಮೀಟರ್‌ನಲ್ಲಿ ಸುಮ್ಮನಿರುವಾಗ 12.04. Prime95 ಮಾತ್ರ ಓಡುವಾಗ 11.78, ಅಲ್ಲೇ ನಿಂತಿದೆ. ಜೊತೆಗೆ FurMark ಹಾಕಿದಾಗ 11.45ಕ್ಕೆ ಇಳಿಯಿತು. ಅಲ್ಲಿಂದ ಪೆಟ್ಟಿಗೆ ಬಿಸಿಯಾದಂತೆ ನಿಧಾನವಾಗಿ ಜಾರುತ್ತ ಎಂಟನೇ ನಿಮಿಷಕ್ಕೆ 11.31 ತಲುಪಿ ರೀಸ್ಟಾರ್ಟ್ ಆಯಿತು.

ಇಲ್ಲಿ ಎರಡು ಸಂಗತಿಗಳಿವೆ. ಒಂದು, 11.4ರ ಮಿತಿ ದಾಟಿದೆ. ಇನ್ನೊಂದು, ಹೊರೆ ಅಷ್ಟೇ ಇದ್ದರೂ ವೋಲ್ಟೇಜ್ ಜಾರುತ್ತಲೇ ಇದೆ. ಆರೋಗ್ಯವಾಗಿರುವ ಎಸ್‌ಎಂಪಿಎಸ್ ಹೊರೆ ಬಿದ್ದಾಗ ಸ್ವಲ್ಪ ಇಳಿದು ಅಲ್ಲೇ ನಿಲ್ಲುತ್ತದೆ. ಪೇಪರ್ ಕ್ಲಿಪ್ ಪರೀಕ್ಷೆಯಲ್ಲಿ ಇದೇ ಪೆಟ್ಟಿಗೆ ಪಾಸಾಗುತ್ತಿತ್ತು, ಯಾಕೆಂದರೆ ಹೊರೆ ಇಲ್ಲದಾಗ ಅದು 12.04 ಕೊಡುತ್ತಿದೆ.

ಮೀಟರ್ ಸರಿ ಎಂದರೆ?

ಹೊರೆಯಲ್ಲೂ 11.9 ತೋರಿಸಿ, ಆದರೂ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ನಿರ್ದೋಷಿ ಎಂದು ತೀರ್ಮಾನಿಸುವ ಹಾಗಿಲ್ಲ. ಸಾಮಾನ್ಯ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಬಾರಿ ಮಾತ್ರ ಸಂಖ್ಯೆ ಬದಲಿಸುತ್ತದೆ, ಅದೂ ಸರಾಸರಿ. ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ವೋಲ್ಟೇಜ್ ಕುಸಿದು ಮೇಲೆದ್ದರೆ ಅದಕ್ಕೆ ಕಾಣುವುದಿಲ್ಲ, ಕಂಪ್ಯೂಟರ್‌ಗೆ ಮಾತ್ರ ಅಷ್ಟೇ ಸಾಕು. ಅದನ್ನು ನೋಡಲು ಆಸಿಲೋಸ್ಕೋಪ್ ಬೇಕು. ಹಾಗಾಗಿ ಮೀಟರ್ "ಕೆಟ್ಟಿದೆ" ಎಂದರೆ ನಂಬಬಹುದು, "ಸರಿ ಇದೆ" ಎಂದರೆ ಪೂರ್ತಿ ನಂಬುವಂತಿಲ್ಲ.

ಆಗ ಉಳಿಯುವ ದಾರಿ ಒಂದೇ. ಸಾಕಷ್ಟು ವ್ಯಾಟ್ ಇರುವ, ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ಅದೇ ಪರೀಕ್ಷೆ ಮಾಡುವುದು. ತೊಂದರೆ ನಿಂತರೆ ಉತ್ತರ ಸಿಕ್ಕಿತು. ನಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್, ರ‍್ಯಾಮ್ ಕಡೆ ಹೋಗಬೇಕು. ಬದಲಿಸುವಾಗ ಒಂದು ಮಾತು ನೆನಪಿರಲಿ: ಕಳಚಬಹುದಾದ ಕೇಬಲ್‌ಗಳಿದ್ದರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲನ್ನು ಹೊಸದಕ್ಕೆ ಹಾಕಬೇಡಿ. ಪ್ಲಗ್ ಕೂತರೂ ಒಳಗಿನ ವೈರ್‌ಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ, ಜೊತೆಗೆ ಅದರಲ್ಲಿದ್ದದ್ದೂ.

ಮೊಬೈಲ್‌ನಲ್ಲಿ ಹರಿದಾಡುವ ಇನ್ನೊಂದು ಬಗೆಯ ಸ್ಕ್ರೀನ್‌ಶಾಟ್ ಬಗ್ಗೆಯೂ ಹೇಳಬೇಕು. ಕಂಪ್ಯೂಟರ್‌ನ ಯಾವುದೋ ಸಾಫ್ಟ್‌ವೇರ್ 12 ವೋಲ್ಟ್ ಜಾಗದಲ್ಲಿ 8 ವೋಲ್ಟ್ ತೋರಿಸುತ್ತಿದೆ, ಆದ್ದರಿಂದ ಎಸ್‌ಎಂಪಿಎಸ್ ಹೋಗಿದೆ ಎನ್ನುತ್ತಾರೆ. ನಿಜಕ್ಕೂ 8 ವೋಲ್ಟ್ ಇದ್ದರೆ ಆ ಸ್ಕ್ರೀನ್‌ಶಾಟ್ ತೆಗೆಯಲು ಕಂಪ್ಯೂಟರ್ ಆನ್ ಆಗಿಯೇ ಇರುತ್ತಿರಲಿಲ್ಲ. ಮದರ್‌ಬೋರ್ಡ್‌ನ ಸೆನ್ಸರನ್ನು ಸಾಫ್ಟ್‌ವೇರ್ ತಪ್ಪಾಗಿ ಓದಿದಾಗ ಹೀಗಾಗುತ್ತದೆ.

ಒಟ್ಟಿನಲ್ಲಿ

ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಆನ್ ಆಗುತ್ತದೆ ಎಂದಷ್ಟೇ ಅರ್ಥ, ಹೊರೆ ಹೊರುತ್ತದೆ ಎಂದಲ್ಲ. ಕೆಲಸ ಜೋರಾದಾಗ ಮಾತ್ರ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಫಾರ್ಮ್ಯಾಟ್ ಮಾಡುವ ಮೊದಲು ಹೊರೆ ಹಾಕಿ ಹಳದಿ ವೈರ್ ಅಳೆಯಿರಿ. 11.4ಕ್ಕಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಬದಲಿಸಿ. ಅಲ್ಲಿಯವರೆಗೆ ಮುಖ್ಯ ಫೈಲ್‌ಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಬರೆಯುತ್ತಿರುವಾಗಲೇ ಕರೆಂಟ್ ಕಡಿದರೆ ಫೈಲ್ ಹಾಳಾಗಬಹುದು, ಮುಂದಿನ ರೀಸ್ಟಾರ್ಟ್ ಯಾವ ಹೊತ್ತಿಗೆ ಬರುತ್ತದೆ ಎಂದು ಹೇಳಲಾಗದು.