ಒಂದು ಕಂಪನಿ, ಹಲವು ಕೋಡ್

ಯಾವುದೇ ಕಂಪನಿಯ ಲೆಟರ್‌ಹೆಡ್ ಅಥವಾ ಬಿಲ್ಲಿನ ಮೇಲೆ 21 ಅಕ್ಷರ-ಅಂಕೆಗಳ ಒಂದು ಸಾಲು ಇರುತ್ತದೆ. ಅದು ಕಂಪನಿಯ ಗುರುತಿನ ಸಂಖ್ಯೆ. ಐಟಿಸಿಯದು ಹೀಗಿದೆ: L16005WB1910PLC001985. ಮೊದಲ L ಎಂದರೆ ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತ. WB ಪಶ್ಚಿಮ ಬಂಗಾಳ, 1910 ಹುಟ್ಟಿದ ವರ್ಷ, PLC ಅಂದರೆ ಪಬ್ಲಿಕ್ ಲಿಮಿಟೆಡ್, ಕೊನೆಯ ಆರು ಅಂಕೆ ನೋಂದಣಿ ಸಂಖ್ಯೆ. L ಆದಮೇಲೆ ಬರುವ 16005 ಉದ್ಯಮದ ಕೋಡ್. 16 ಅಂದರೆ ತಂಬಾಕು.

ಇದೇ ಕಂಪನಿಯ ಆಶೀರ್ವಾದ್ ಹಿಟ್ಟು ನಮ್ಮ ಅಡುಗೆಮನೆಯಲ್ಲಿದೆ. ಅದು ರಟ್ಟು, ಕಾಗದ ತಯಾರಿಸುತ್ತದೆ, ಕೃಷಿ ಸರಕಿನ ವ್ಯಾಪಾರ ಮಾಡುತ್ತದೆ. ಹೋಟೆಲ್ ವ್ಯವಹಾರವನ್ನು ಬೇರೆ ಕಂಪನಿಯಾಗಿ ಮಾಡಿದ್ದು ಈಚೆಗಷ್ಟೆ. ಹಾಗಿದ್ದೂ ಕೋಡಿನಲ್ಲಿ ಇರುವುದು ತಂಬಾಕು ಮಾತ್ರ. ಏಕೆ?

ಭಾರತದಲ್ಲಿ ಈ ಕೋಡುಗಳ ಮೂಲ, ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ, ಅಂದರೆ ಎನ್‌ಐಸಿ. ಇದು ವಿಶ್ವಸಂಸ್ಥೆಯ ವರ್ಗೀಕರಣವನ್ನು ಅನುಸರಿಸಿದ್ದು. 2008ರ ಆವೃತ್ತಿಯಲ್ಲಿ ಎಲ್ಲ ಆರ್ಥಿಕ ಚಟುವಟಿಕೆಯನ್ನು A ಯಿಂದ U ವರೆಗೆ 21 ವಿಭಾಗಗಳಾಗಿ ಹಂಚಲಾಗಿದೆ. ಅದರ ಕೆಳಗೆ ಎರಡು ಅಂಕೆ, ಮೂರು ಅಂಕೆ, ಹೀಗೆ ಐದು ಅಂಕೆಗಳವರೆಗೆ ಕವಲೊಡೆಯುತ್ತದೆ. C ತಯಾರಿಕೆ, ಅದರೊಳಗೆ 10 ಆಹಾರ ಪದಾರ್ಥ, ಅದರೊಳಗೆ 106 ಧಾನ್ಯ ಮತ್ತು ಪಿಷ್ಟದ ಉತ್ಪನ್ನ, ಕೊನೆಗೆ 10612 ಅಕ್ಕಿ ಗಿರಣಿ.

ಒಂದೇ ಕಸುಬು ಇದ್ದವರಿಗೆ ಕೋಡ್ ಹುಡುಕುವುದು ಸಲೀಸು. ಹಲವು ಕಸುಬು ಇದ್ದಾಗ ಪ್ರಧಾನ ಚಟುವಟಿಕೆ ಯಾವುದೆಂದು ನೋಡಬೇಕು. ಅದಕ್ಕೆ ಅಳತೆಗೋಲು ವಹಿವಾಟಲ್ಲ, ಮೌಲ್ಯವರ್ಧನೆ. ಅಂದರೆ ಮಾರಿದ ಮೊತ್ತದಿಂದ ಹೊರಗಿನಿಂದ ಕೊಂಡ ಸರಕು, ಸೇವೆಗಳ ಖರ್ಚು ಕಳೆದು ಉಳಿಯುವುದು. ಸಗಟು ವ್ಯಾಪಾರಿಯ ವಹಿವಾಟು ಕೋಟಿಗಟ್ಟಲೆ ಇರಬಹುದು, ಆದರೆ ಅದರ ಬಹುಪಾಲು ಸರಕು ಕೊಳ್ಳುವುದಕ್ಕೇ ಹೋಗಿರುತ್ತದೆ.

ಲೆಕ್ಕ ಹೇಗೆ ನಡೆಯುತ್ತದೆಂದು ನೋಡಲು ಗಂಗಾವತಿಯ ಕಡೆಯ ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳೋಣ. ಅದರ ಒಟ್ಟು ಮೌಲ್ಯವರ್ಧನೆ 1 ಕೋಟಿ ರೂಪಾಯಿ. ಸಗಟು ಧಾನ್ಯ ವ್ಯಾಪಾರದಿಂದ 35 ಲಕ್ಷ, ಅಕ್ಕಿ ಗಿರಣಿಯಿಂದ 25, ಎಣ್ಣೆ ಗಿರಣಿಯಿಂದ 20, ಗೋದಾಮಿನ ಬಾಡಿಗೆಯಿಂದ 20. ಬಿಡಿಯಾಗಿ ನೋಡಿದರೆ ವ್ಯಾಪಾರವೇ ದೊಡ್ಡದು. ಆದರೆ ನಿಯಮದ ಪ್ರಕಾರ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಮೊದಲು ವಿಭಾಗದ ಮಟ್ಟದಲ್ಲಿ ತೂಗಿದಾಗ ಎರಡು ಗಿರಣಿಗಳೂ ಸೇರಿ ತಯಾರಿಕೆಗೆ 45 ಲಕ್ಷ ಬರುತ್ತದೆ, ವ್ಯಾಪಾರಕ್ಕೆ 35. ಹಾಗಾಗಿ ಸಂಸ್ಥೆ ತಯಾರಿಕೆಯ ಪಾಲಾಯಿತು. ಇನ್ನು ತೂಕವೆಲ್ಲ ಆ ವಿಭಾಗದೊಳಗೇ. ಎರಡು ಗಿರಣಿಗಳೂ ಆಹಾರ ಪದಾರ್ಥದ 10ರಲ್ಲೇ ಇವೆ. ಅಲ್ಲಿ 20 ಲಕ್ಷದ ಎಣ್ಣೆಗಿಂತ 25 ಲಕ್ಷದ ಅಕ್ಕಿ ಮುಂದೆ. ಅಂತಿಮ ಕೋಡ್ 10612. ಅಂಕಿಅಂಶದ ಪಟ್ಟಿಯಲ್ಲಿ ಅತಿ ಹೆಚ್ಚು ಗಳಿಸುವ ಕಸುಬು ಕಾಣಿಸಿಕೊಳ್ಳಲೇ ಇಲ್ಲ!

ಇದು ಲೆಕ್ಕದ ದೋಷವಲ್ಲ. ದೇಶದ ಉತ್ಪಾದನೆಯನ್ನು ಕೂಡಿಸುವಾಗ ಒಂದು ಘಟಕವನ್ನು ಎರಡು ಕಡೆ ಎಣಿಸಬಾರದು, ಆದ್ದರಿಂದ ಒಂದು ಕೋಡನ್ನು ಆರಿಸಲೇಬೇಕು. ಬೇರೆಯವರಿಗೆ ಬೇರೆ ಅಗತ್ಯ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಯಲ್ಲಿ ಒಂದಕ್ಕಿಂತ ಹೆಚ್ಚು ಎನ್‌ಐಸಿ ಕೋಡ್ ಸೇರಿಸಬಹುದು. ನಮ್ಮ ಷೇರುಪೇಟೆಗಳ ವರ್ಗೀಕರಣ ಐಟಿಸಿಯನ್ನು ಹಲವು ಬಗೆಯ ದಿನಬಳಕೆ ಸರಕಿನ ಕಂಪನಿಗಳ ಸಾಲಿನಲ್ಲಿ, ಹಿಂದುಸ್ತಾನ್ ಯೂನಿಲೀವರ್ ಜೊತೆಗೆ ಕೂರಿಸಿದೆ. ವಿದೇಶಿ ಹೂಡಿಕೆದಾರರು ಬಳಸುವ ಜಿಐಸಿಎಸ್ ವರ್ಗೀಕರಣದಲ್ಲಿ ಅದು ತಂಬಾಕು ಕಂಪನಿಯೇ. ಅದರ ಲಾಭದ ಸಿಂಹಪಾಲು ಇಂದಿಗೂ ಸಿಗರೇಟಿನಿಂದಲೇ ಬರುತ್ತದೆ ಎಂಬುದನ್ನು ನೆನೆದರೆ ಎರಡೂ ನೋಟಕ್ಕೆ ಆಧಾರವಿದೆ.

ಗಡಿಬಿಡಿ ಆಗುವುದು ಕೋಡ್ ಯಾವ ಆವೃತ್ತಿಯದೆಂದು ನೋಡದಾಗ. 16 ತಂಬಾಕು ಆಗಿದ್ದು 2008ಕ್ಕಿಂತ ಹಿಂದಿನ ಪಟ್ಟಿಯಲ್ಲಿ. 2008ರ ಪಟ್ಟಿಯಲ್ಲಿ ತಂಬಾಕು 12ಕ್ಕೆ ಹೋಯಿತು, 16 ಮರದ ಉತ್ಪನ್ನಗಳದಾಯಿತು. ಐಟಿಸಿಯ ಗುರುತಿನ ಸಂಖ್ಯೆಯಲ್ಲಿ ಮಾತ್ರ ಹಳೆಯ 16 ಹಾಗೇ ಇದೆ. ಹೊಸ ಪಟ್ಟಿ ಹಿಡಿದು ಅದನ್ನು ಓದಿದವರಿಗೆ ಸಿಗರೇಟ್ ಕಂಪನಿ ಮರದ ಕಾರ್ಖಾನೆಯಾಗಿ ಕಾಣುತ್ತದೆ. ಹೀಗೆ ಕಂಪನಿಯ ಕೆಲಸಕ್ಕೂ ಕೋಡಿಗೂ ತಾಳೆಯೇ ಇಲ್ಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆವೃತ್ತಿಯನ್ನು.

ಕೋಡ್ ಆಯ್ಕೆಯಿಂದ ಹಣಕಾಸಿನ ವ್ಯತ್ಯಾಸವೂ ಆಗುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಗಟು, ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟಿತು. ಆದರೆ 45, 46, 47ರ ಕೋಡಿನವರಿಗೆ ಸಿಗುವ ಸೌಲಭ್ಯ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ ಎಂದಿತು. ನಮ್ಮ ಗಂಗಾವತಿಯ ಸಂಸ್ಥೆ ಅರ್ಜಿ ತುಂಬುವಾಗ ಸಗಟು ವ್ಯಾಪಾರದ 46 ಒಂದನ್ನೇ ಬರೆದು ಗಿರಣಿಗಳನ್ನು ಬಿಟ್ಟರೆ, ತಯಾರಕರಿಗೆ ಸಿಗುವ ಉಳಿದ ಸೌಲಭ್ಯಗಳನ್ನು ತಾನಾಗಿಯೇ ಬಿಟ್ಟುಕೊಟ್ಟಂತೆ. ಹಾಗಾಗಿ ನೋಂದಣಿಗೆ ಕೂರುವ ಮುಂಚೆ ತಾನು ಮಾಡುವ ಒಂದೊಂದು ಕೆಲಸವನ್ನೂ ಬರೆದಿಟ್ಟುಕೊಂಡು, ಪ್ರತಿಯೊಂದಕ್ಕೂ 2008ರ ಪಟ್ಟಿಯಲ್ಲಿ ಕೋಡ್ ಹುಡುಕಿಕೊಳ್ಳುವುದು ಒಳ್ಳೆಯದು.