ಉಮ್ರಾ ಯಾತ್ರಿಕರಿಗೆ: ವಿಮಾನ ನಿಲ್ದಾಣದ ತಪಾಸಣೆ

ಮೊದಲ ಬಾರಿ ವಿಮಾನದಲ್ಲಿ ಉಮ್ರಾಕ್ಕೆ ಹೊರಡುವಾಗ ತಪಾಸಣೆಯ ಸಿದ್ಧತೆಯನ್ನು ನಾವು ಮನೆಯಲ್ಲೇ ಮಾಡಿಕೊಳ್ಳೋಣ. ಕೂದಲು ಕತ್ತರಿಸುವ ಕತ್ತರಿಯನ್ನು ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಬ್ಯಾಗಿಗೆ ಹಾಕೋಣ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಕೈಚೀಲದ ಎಣ್ಣೆ, ಕ್ರೀಮ್, ಅತ್ತರಿನ ಬಾಟಲಿಗಳು 100 ಮಿಲಿ ಮೀರಬಾರದು. ಅವನ್ನು ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿಡೋಣ. 200 ಮಿಲಿ ಬಾಟಲಿಯಲ್ಲಿ ಅರ್ಧವೇ ಇದ್ದರೂ ಬಿಡುವುದಿಲ್ಲ. ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ.

ತಪಾಸಣೆಯಲ್ಲಿ ಆ ಚೀಲ, ಲ್ಯಾಪ್‌ಟಾಪ್, ಮೊಬೈಲ್, ಪವರ್ ಬ್ಯಾಂಕ್, ಇಹ್ರಾಮಿನ ಬೆಲ್ಟ್ ಹೊರತೆಗೆದು ಟ್ರೇಯಲ್ಲಿಡಬೇಕು. ಟ್ರೇ ಯಂತ್ರದೊಳಗೆ ಹೋದ ಮೇಲೆ ನಾವು ಲೋಹಶೋಧಕದ ಬಾಗಿಲು ದಾಟುತ್ತೇವೆ. ಮಹಿಳೆಯರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ. ನಮ್ಮ ಬ್ಯಾಗನ್ನು ಪಕ್ಕಕ್ಕೆ ಸರಿಸಿದರೆ ಅದನ್ನು ತೆರೆದು ನೋಡಲಿದ್ದಾರೆ ಎಂದರ್ಥ, ಅಲ್ಲೇ ನಿಲ್ಲೋಣ. ಹೊರಡುವ ಮುನ್ನ ಟ್ರೇ ಖಾಲಿಯಾಗಿದೆಯೇ ನೋಡೋಣ.