ತಪ್ಪನ್ನು ತೋರುವ ಭಾಷೆ

ಹತ್ತನೆಯ ತರಗತಿಯನ್ನು ಮುಗಿಸಿ ಬೀದರಿನಲ್ಲಿಯೋ ಭಾಲ್ಕಿಯಲ್ಲಿಯೋ ಪದವಿಪೂರ್ವ ಕಾಲೇಜನ್ನು ಸೇರಲು ಹೊರಟ ಮಕ್ಕಳೂ ಅವರ ತಂದೆತಾಯಿಗಳೂ ಈಚೆಗೆ ಕೇಳುವ ಪ್ರಶ್ನೆಗಳಲ್ಲಿ ಪ್ರೋಗ್ರಾಮಿಂಗನ್ನು ಮೊದಲು ಪೈಥಾನಿನಲ್ಲಿ ಕಲಿಯಬೇಕೋ ಜಾವಾಸ್ಕ್ರಿಪ್ಟಿನಲ್ಲಿ ಕಲಿಯಬೇಕೋ ಎಂಬುದೂ ಒಂದು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ನೌಕರಿಯ ಲೆಕ್ಕಾಚಾರದ್ದು. ಆದರೆ ಹದಿನಾರು ವರ್ಷದ ಬಾಲಕನ ಪಾಲಿಗೆ ನೌಕರಿಯು ಇನ್ನೂ ಐದಾರು ವರ್ಷ ದೂರದಲ್ಲಿರುವುದರಿಂದಲೂ, ಅಷ್ಟರೊಳಗೆ ಆತನು ಎರಡನ್ನೂ, ಬಹುಶಃ ಮೂರನೆಯದನ್ನೂ, ಕಲಿತಿರುವುದೇ ಸಂಭವವಾದುದರಿಂದಲೂ, ಆ ಲೆಕ್ಕಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯದು: ಕಲಿಯುವವನು ತಪ್ಪು ಮಾಡಿದಾಗ ಭಾಷೆಯು ಏನು ಮಾಡುತ್ತದೆ?

ಈ ಎರಡು ಭಾಷೆಗಳ ಸ್ವಭಾವಭೇದವು ಅವುಗಳ ಜನ್ಮದಲ್ಲಿಯೇ ಇದೆ. 1991ರಲ್ಲಿ ಗೈಡೋ ವಾನ್ ರಾಸಮ್ ಅವರು ಹೊರತಂದ ಪೈಥಾನ್, ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾಲಯದಲ್ಲಿ ಹೊಸಬರ ಬೋಧನೆಯನ್ನು ಉದ್ದೇಶಿಸಿ ರಚಿತವಾಗಿದ್ದ ಎಬಿಸಿ ಎಂಬ ಭಾಷೆಯ ಅನುಭವದಿಂದ ಮೂಡಿದುದು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೌಸರಿಗಾಗಿ ಬ್ರೆಂಡನ್ ಐಕ್ ಅವರು ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್, ಜಾಲಪುಟಗಳೊಳಗೆ ಕುಳಿತು ಸಣ್ಣಪುಟ್ಟ ಕೆಲಸಗಳನ್ನು ಮಾಡಲೆಂದು ಹುಟ್ಟಿದುದು. ಎದ್ದ ದೋಷವನ್ನು ಪ್ರೋಗ್ರಾಮಿನೊಳಗೇ ಹಿಡಿದು ನಿಭಾಯಿಸುವ `try`–`catch` ಏರ್ಪಾಡು ಅದರ ಪ್ರಮಾಣಗ್ರಂಥದಲ್ಲಿ ಸೇರಿದುದು 1999ರಲ್ಲಿ. ಅದಕ್ಕೆ ಮೊದಲೇ ರೂಪುಗೊಂಡ ಅನೇಕ ಕ್ರಿಯೆಗಳು ಅಸಂಗತವಾದ ಸಾಮಗ್ರಿ ಬಂದಾಗ ಕೆಲಸವನ್ನು ನಿಲ್ಲಿಸದೆ, ಹೇಗಾದರೂ ಒಂದು ಬೆಲೆಯನ್ನು ಹಿಂದಿರುಗಿಸಿ ಮುಂದೆ ಸಾಗುತ್ತವೆ.

ಇದರ ಫಲವನ್ನು ನಮ್ಮ ಸೀಮೆಯ ಒಂದು ಲೆಕ್ಕದಲ್ಲಿಯೇ ನೋಡೋಣ. ಭಾಲ್ಕಿಯ ದಲಾಲಿ ಅಂಗಡಿಯೊಂದಕ್ಕೆ ರೈತನು ಮೂರು ಚೀಲ ತೊಗರಿಯನ್ನು ತಂದನೆಂದೂ, ಅವುಗಳ ತೂಕ 48, 52 ಮತ್ತು 50 ಕಿಲೋ ಎಂದೂ, ಕಿಲೋಗೆ 70 ರೂಪಾಯಿ ದರವೆಂದೂ ಇಟ್ಟುಕೊಳ್ಳೋಣ. ಸಲ್ಲಬೇಕಾದ ಮೊತ್ತ 10,500 ರೂಪಾಯಿ. ಹೊಸಬನು ಜಾವಾಸ್ಕ್ರಿಪ್ಟಿನಲ್ಲಿ ಇದನ್ನು ಬರೆಯುವುದು ಪ್ರಾಯಶಃ ಹೀಗೆ:

```
let total = 0;
for (let i = 0; i < 3; i++) {
  total = total + prompt("ತೂಕ?");
}
alert(total * 70);
```

ಬರುವ ಉತ್ತರ 3,39,67,500. `prompt` ಎಂಬುದು ಕೀಲಿಮಣೆಯಿಂದ ತರುವುದು ಸಂಖ್ಯೆಯನ್ನಲ್ಲ, ಅಕ್ಷರಮಾಲೆಯನ್ನು. ಸಂಖ್ಯೆಗೆ ಅಕ್ಷರಮಾಲೆಯನ್ನು ಕೂಡಿಸೆಂದರೆ ಜಾವಾಸ್ಕ್ರಿಪ್ಟ್ ಸಂಖ್ಯೆಯನ್ನೇ ಅಕ್ಷರವಾಗಿ ಮಾರ್ಪಡಿಸಿ ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸುತ್ತದೆ. ಹೀಗೆ `total` ಎಂಬುದು `"0485250"` ಆಗುತ್ತದೆ. ಗುಣಾಕಾರದ ಸರದಿ ಬಂದೊಡನೆ ಅದೇ ಅಕ್ಷರಮಾಲೆಯು ಮರಳಿ ಸಂಖ್ಯೆಯಾಗುತ್ತದೆ. ಮೂರೂವರೆ ಕೋಟಿಯ ಆಸುಪಾಸಿನ ಮೊತ್ತವನ್ನು ಕಂಡು ಯಾರಾದರೂ ತಪ್ಪೆಂದು ಅರಿತಾರು. ಆದರೆ ವಿದ್ಯಾರ್ಥಿಯು ಮೂರರ ಬದಲು ಒಂದೇ ಚೀಲದಿಂದ ಪ್ರೋಗ್ರಾಮನ್ನು ಪರೀಕ್ಷಿಸಿದ್ದರೆ ಏನಾಗುತ್ತಿತ್ತು? ಸೊನ್ನೆಯ ಬೆನ್ನಿಗೆ 48 ಅಂಟಿ `"048"` ಆಗಿ, ಎಪ್ಪತ್ತರಿಂದ ಗುಣಿಸಿದಾಗ ಅದು 48 ಎಂದೇ ಪರಿಗಣಿತವಾಗಿ, 3,360 ಎಂಬ ಸರಿಯಾದ ಉತ್ತರವೇ ಬರುತ್ತಿತ್ತು. ದೋಷವು ಒಳಗಿದ್ದೂ ಉತ್ತರವು ಸರಿಯಾಗಿ ಕಾಣುವ ಈ ಸ್ಥಿತಿಯಷ್ಟು ಹೊಸಬನಿಗೆ ಹಾನಿಕರವಾದುದು ಮತ್ತೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇದನ್ನೇ ಪೈಥಾನಿನಲ್ಲಿ ಬರೆದರೆ:

```
total = 0
for i in range(3):
    total = total + input("ತೂಕ? ")
print(total * 70)
```

ಮೊದಲನೆಯ ಚೀಲದ ತೂಕವನ್ನು ಒತ್ತಿದೊಡನೆಯೇ ಕೆಲಸ ನಿಲ್ಲುತ್ತದೆ. ತೆರೆಯ ಮೇಲೆ ಮೂರನೆಯ ಸಾಲಿನ ಉಲ್ಲೇಖದೊಡನೆ ಈ ಮಾತು ಮೂಡುತ್ತದೆ:

```
TypeError: unsupported operand type(s) for +: 'int' and 'str'
```

ಪೂರ್ಣಾಂಕಕ್ಕೂ ಅಕ್ಷರಮಾಲೆಗೂ ಕೂಡಿಕೆ ಸಲ್ಲದು ಎಂಬ ಈ ಒಂದು ವಾಕ್ಯವನ್ನು ಅಧ್ಯಾಪಕರು ಒಮ್ಮೆ ಬಿಡಿಸಿ ಹೇಳಿದರೆ, `int(input("ತೂಕ? "))` ಎಂದು ತಿದ್ದಬೇಕೆಂಬುದನ್ನು ವಿದ್ಯಾರ್ಥಿಯು ತಾನೇ ಕಂಡುಕೊಳ್ಳುವನು. ಪೈಥಾನ್ ಎಲ್ಲ ತಪ್ಪನ್ನೂ ಹಿಡಿಯುತ್ತದೆಂದು ಇದರರ್ಥವಲ್ಲ: ಸೊನ್ನೆಯಿಂದ ಆರಂಭಿಸದೆ ಎರಡು `input`ಗಳನ್ನೇ ನೇರವಾಗಿ ಕೂಡಿಸಿದರೆ ಅಲ್ಲಿಯೂ 48 ಮತ್ತು 52 ಸೇರಿ 4852 ಆಗುವುದು. ಆದರೂ ತಡೆದು ನಿಲ್ಲಿಸುವ ಪ್ರಸಂಗಗಳು ಅಲ್ಲಿಯೇ ಹೆಚ್ಚು.

ಇಲ್ಲಿ ಕನ್ನಡಿಗರಿಗೆ ಪ್ರಿಯವಾಗಬಹುದಾದ ಒಂದು ಸಂಗತಿಯನ್ನೂ ಹೇಳಬೇಕು. ಪೈಥಾನಿನ `int("೪೮")` ನಮ್ಮ ಅಂಕಿಗಳನ್ನು ಅರಿತು 48 ಎಂದೇ ಉತ್ತರಿಸುತ್ತದೆ. ಜಾವಾಸ್ಕ್ರಿಪ್ಟಿನ `Number("೪೮")` ಮಾತ್ರ `NaN`, ಅಂದರೆ ಸಂಖ್ಯೆಯಲ್ಲದ್ದು, ಎಂದು ಕೈಚೆಲ್ಲುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ಮೊಬೈಲ್ ಒಂದನ್ನುಳಿದು ಬೇರೆ ಯಂತ್ರವೇ ಇಲ್ಲದ ಹುಡುಗಿಗೆ ಉತ್ತರ ದೊರೆತಂತಾಗಲಿಲ್ಲ. ಆಕೆಯ ಫೋನಿನಲ್ಲಿ ಬ್ರೌಸರ್ ಈಗಾಗಲೇ ಇದೆ. ಜಾವಾಸ್ಕ್ರಿಪ್ಟಿಗೆ ಬೇಕಾದುದು ಅಷ್ಟೇ. ಆಕೆ ಬರೆದ ಪುಟವನ್ನು ಕಡತವಾಗಿ ವಾಟ್ಸ್ಯಾಪಿನಲ್ಲಿ ಕಳುಹಿಸಿದರೆ ಅಂಗಡಿಯ ಮಾವನು ಅದನ್ನು ಉಳಿಸಿಕೊಂಡು ಕ್ರೋಮಿನಲ್ಲಿ ತೆರೆದು ತನ್ನ ಲೆಕ್ಕಕ್ಕೆ ಬಳಸಬಲ್ಲನು. ಪೈಥಾನಿಗೆ ಪೈಡ್ರಾಯ್ಡ್ 3 ಎಂಬ ಆ್ಯಪ್ ಇದ್ದು, ಕಲಿಕೆಗೆ ಅದು ಸಾಕಾದರೂ, ಮಾವನ ಫೋನಿನಲ್ಲಿಯೂ ಅದನ್ನೇ ಹಾಕಿಸದ ಹೊರತು ಪ್ರೋಗ್ರಾಂ ಆತನಿಗೆ ತಲುಪದು. ಬರೆದುದು ಮನೆಯವರ ಕೆಲಸಕ್ಕೆ ಬಂದಾಗ ಮಕ್ಕಳಿಗಾಗುವ ಉತ್ಸಾಹವನ್ನು ಬಲ್ಲ ನಾನು ಈ ಅಂತರವನ್ನು ಸಣ್ಣದೆನ್ನಲಾರೆ.

ಆದರೆ ಫೋನಿನಲ್ಲಿ ಜಾವಾಸ್ಕ್ರಿಪ್ಟ್ ಕಲಿಯುವವರಿಗೆ ಒಂದು ವಿಶೇಷವಾದ ತೊಡಕಿದೆ. ಕಂಪ್ಯೂಟರಿನಲ್ಲಿ F12 ಒತ್ತಿದರೆ ತೆರೆಯುವ ಕನ್ಸೋಲಿನಲ್ಲಿ ದೋಷಗಳೆಲ್ಲ ಕಾಣುತ್ತವೆ. ಫೋನಿನ ಕ್ರೋಮಿನಲ್ಲಿ ಅಂಥ ಕನ್ಸೋಲ್ ಇಲ್ಲವಾದುದರಿಂದ ಒಂದು ಆವರಣಚಿಹ್ನೆ ಬಿಟ್ಟುಹೋದರೂ ಪುಟವು ಕಾರಣ ಹೇಳದೆ ಖಾಲಿಯಾಗಿ ನಿಲ್ಲುತ್ತದೆ. ಇದಕ್ಕೆ ಪರಿಹಾರ, ಪುಟದ ಆದಿಯಲ್ಲಿ, ಉಳಿದ ಪ್ರೋಗ್ರಾಮಿನಿಂದ ಪ್ರತ್ಯೇಕವಾಗಿ, ಇದನ್ನು ಬರೆದಿಡುವುದು:

```
<script>
window.onerror = (m, s, l) => alert(m + " : " + l);
</script>
```

ದೋಷ ಬಂದೊಡನೆ ಅದರ ವಿವರಣೆಯೂ ಸಾಲಿನ ಸಂಖ್ಯೆಯೂ ಚೌಕದಲ್ಲಿ ಮೂಡುತ್ತವೆ. ಎರಡನ್ನೂ ಒಂದೇ `script` ಒಳಗೆ ಸೇರಿಸಿದರೆ, ವ್ಯಾಕರಣದೋಷವಿದ್ದಲ್ಲಿ ಈ ಸಾಲೂ ನಡೆಯದೆ ಹೋಗುವುದರಿಂದ, ಪ್ರತ್ಯೇಕವಾಗಿಡುವುದು ಅವಶ್ಯ. ತೊಗರಿಯ ಲೆಕ್ಕದಂಥ ಮೌನದೋಷವನ್ನು ಮಾತ್ರ ಇದೂ ಹಿಡಿಯದು. ಆದ್ದರಿಂದ `Number(prompt("ತೂಕ?"))` ಎಂದು ಬರೆಯುವುದನ್ನೂ, ಗುಣಿಸುವ ಮೊದಲು `alert(total)` ಎಂದು ಮೊತ್ತವನ್ನು ನೋಡಿಕೊಳ್ಳುವುದನ್ನೂ, ಎರಡಕ್ಕಿಂತ ಕಡಿಮೆ ಚೀಲಗಳಿಂದ ಎಂದೂ ಪರೀಕ್ಷಿಸದಿರುವುದನ್ನೂ ಮೊದಲ ವಾರದಲ್ಲಿಯೇ ಅಭ್ಯಾಸ ಮಾಡಿಕೊಳ್ಳಬೇಕು.

ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಯಂತ್ರಗಳಿದ್ದರೆ ಪೈಥಾನಿಗೂ ಒಂದು ಅಡ್ಡಿಯುಂಟು. ಪೈಥಾನ್ 3.9 ಮತ್ತು ಅದರ ನಂತರದ ಆವೃತ್ತಿಗಳು ವಿಂಡೋಸ್ 7ರಲ್ಲಿ ನಡೆಯವು; ಅಂಥಲ್ಲಿ 3.8ನ್ನು ಹಾಕಬೇಕು. ಪ್ರಾರಂಭಿಕ ಪಾಠಗಳಿಗೆ ಅದರಿಂದ ಕೊರತೆಯೇನೂ ಆಗದು.

ಪದವಿಪೂರ್ವದ ಗಣಕವಿಜ್ಞಾನದಲ್ಲಿ ಬಹುಕಾಲ ಇದ್ದ ಸಿ++ ಹೋಗಿ, ಎನ್‌ಸಿಇಆರ್‌ಟಿ ಪುಸ್ತಕವನ್ನನುಸರಿಸಿ ಪೈಥಾನ್ ಬಂದಿರುವುದರಿಂದ, ಆ ವಿಷಯವನ್ನು ಆರಿಸಿಕೊಂಡವರು ಬೇರೆ ವಿಚಾರವಿಲ್ಲದೆ ಅದರಿಂದಲೇ ಆರಂಭಿಸಲಿ. ಪಟ್ಟಿಗಳು, ಫಂಕ್ಷನ್ನುಗಳು, ಕಡತಗಳ ಓದುಬರೆಹ ಇಷ್ಟು ಕೈವಶವಾದ ಮೇಲೆ ಜಾವಾಸ್ಕ್ರಿಪ್ಟಿಗೆ ಹೋದರೆ ಅದರ ಮೌನದೋಷಗಳನ್ನು ಗುರುತಿಸುವ ಕಣ್ಣು ಅವರಿಗೆ ಬಂದಿರುತ್ತದೆ. ವಾಣಿಜ್ಯವನ್ನೋ ಐಟಿಐಯನ್ನೋ ಸೇರಿದ, ಫೋನೊಂದೇ ಸಾಧನವಾಗಿರುವ ಮಕ್ಕಳಿಗೆ ನಾನು ಜಾವಾಸ್ಕ್ರಿಪ್ಟನ್ನೇ ಸೂಚಿಸುತ್ತೇನೆ, ಮೇಲೆ ಹೇಳಿದ ಎಚ್ಚರಿಕೆಗಳೊಡನೆ. ಅವರ ಮೊದಲ ಪ್ರೋಗ್ರಾಂ ಮನೆಯವರು ನಿತ್ಯ ಮಾಡುವ ಒಂದು ಲೆಕ್ಕವೇ ಆಗಿರಲಿ, ಅದರ ಉತ್ತರವನ್ನು ಅಂಗಡಿಯ ಹಳೆಯ ಚೀಟಿಗಳೊಡನೆ ತಾಳೆ ನೋಡಬಹುದು.